ದಯವಿಟ್ಟು ವಾಪಸ್ ಕೊಡಬೇಡಿ

ನನ್ನ ಅಕ್ಕನ ಗಂಡನ ನಿಜವಾದ ಹೆಸರು ಅವರ ಬ್ಯಾಂಕಿನಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು 'ಆಗತ್ತೆ ಸಾಹೇಬರು'. ಹೊರದೇಶಕ್ಕೆ ಹಣ ಕಳಿಸುವ, ಅಲ್ಲಿಂದ ಬಂದದ್ದನ್ನು ಖಾತೆಗೆ ಹಾಕುವ ಮೇಜು ಅವರದು. ಆ ಮೇಜಿನ ಮುಂದೆ ನಿಂತವರೆಲ್ಲ ಕೇಳುವುದು ಒಂದೇ ಮಾತು: 'ಸಾರ್, ನಮ್ಮ ದುಡ್ಡು ಎಲ್ಲಿದೆ?' ಭಾವನ ಉತ್ತರವೂ ಒಂದೇ: 'ಆಗತ್ತೆ.' ಅದನ್ನು ಅವರು ಕತ್ತನ್ನು ಕೊಂಚ ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಹಲ್ಲುನೋವಿನವರಿಗೆ ಡಾಕ್ಟರು ಸಮಾಧಾನ ಹೇಳುವಂತೆ ಹೇಳುತ್ತಾರೆ. ಕೇಳಿದವರಿಗೆ ಒಂದು ಬಾರಿಸೋಣ ಎನಿಸುತ್ತದೆ. ನನಗೂ ಎನಿಸಿದೆ, ಆದರೆ ಅಕ್ಕನ ಗಂಡ.

ಮದುವೆಗೆ ಮುಂಚೆ ಅಕ್ಕನನ್ನು ನೋಡಲು ಬಂದಾಗಲೂ ಹೀಗೇ. ನಮ್ಮಪ್ಪ 'ಹುಡುಗಿ ಒಪ್ಪಿಗೆಯಾ?' ಎಂದು ಕೇಳಿದರೆ ಈ ಮಹಾಶಯ ಕತ್ತು ಓರೆ ಮಾಡಿ 'ಆಗತ್ತೆ' ಅಂದರಂತೆ. ಅಕ್ಕ ಇವತ್ತಿಗೂ ಅದನ್ನು ಮರೆತಿಲ್ಲ. ಜಗಳ ಯಾವುದೇ ಇರಲಿ, ಪಾತ್ರೆ ತೊಳೆಯುವ ವಿಷಯವೇ ಇರಲಿ, ಕೊನೆಗೆ ಆ 'ಆಗತ್ತೆ'ಗೇ ಬಂದು ನಿಲ್ಲುತ್ತದೆ.

ಹುಟ್ಟಿದಾಗಿನಿಂದ ಸಮುದ್ರ ದಾಟಿದವರಲ್ಲ ನಮ್ಮ ಭಾವ. ದೋಣಿ ಹತ್ತಿದರೆ ವಾಂತಿ, ವಿಮಾನ ಅಂದರೆ ಬೆವರು. ಆದರೆ ಯಾವ ದೇಶದಲ್ಲಿ ಯಾವತ್ತು ಬ್ಯಾಂಕು ರಜೆ, ಎಲ್ಲಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ ಎಂಬುದೆಲ್ಲ ನಾಲಿಗೆ ತುದಿಯಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಗೋಡೆ ಗಡಿಯಾರ ನೋಡಿ 'ಅಲ್ಲಿ ಈಗ ತೆಗೆದ್ರು' ಅನ್ನುತ್ತಾರೆ. ಯಾರು ತೆಗೆದರು, ಏನು ತೆಗೆದರು ಎಂದು ನಾವು ಕೇಳುವುದು ಬಿಟ್ಟು ಬಹಳ ಕಾಲವಾಯಿತು. ಕಾಲಿಗೆ ಮಾತ್ರ ವರ್ಷಪೂರ್ತಿ ನಾನು ಹೆಣೆದ ಕಾಲುಚೀಲ. ಹೊಲಿಗೆ ತಪ್ಪಿದ್ದು, ಬಣ್ಣ ಬೇರೆ ಬೇರೆಯಾದದ್ದು, ಅಂಗಡಿಯವರು ತಿರುಗಿಸಿ ಕಳಿಸಿದ್ದು ಎಲ್ಲವೂ ಭಾವನ ಪಾಲು. ಎಡಗಾಲಿಗೆ ನೀಲಿ, ಬಲಗಾಲಿಗೆ ಬೂದು ಹಾಕಿಕೊಂಡು ನೆಮ್ಮದಿಯಾಗಿ ಬ್ಯಾಂಕಿಗೆ ಹೋಗುತ್ತಾರೆ.

ಕಾಲುಚೀಲ ನನ್ನ ಕಸುಬು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂರು ಯಂತ್ರ ಇಟ್ಟುಕೊಂಡಿದ್ದೇನೆ. ಎರಡು ಮುದಿಯಾದವು, ಕೆಮ್ಮಿಕೊಂಡು ನಡೆಯುತ್ತವೆ. ಮೂರನೆಯದು ಒಂದೇ ನಿಜವಾಗಿ ದುಡಿಯುವುದು. ಅದರ ಹೊಟ್ಟೆಯಲ್ಲಿ ಸೂಜಿಗಳು ಸುತ್ತ ನಿಲ್ಲುವ ಉಕ್ಕಿನ ಕೊಳವೆಯೊಂದಿದೆ, ಅದನ್ನು ಸಿಲಿಂಡರು ಅನ್ನುತ್ತೇವೆ. ಅದು ಸೀಳಿತು. ಸೀಳುವುದಕ್ಕೂ ಹೊತ್ತು ನೋಡಿಕೊಂಡಿತ್ತು ಅದು. ಶಾಲೆ ಸಮವಸ್ತ್ರದ ಗುತ್ತಿಗೆದಾರ ನನಗೆ ಮೊದಲ ಬಾರಿ ದೊಡ್ಡ ಆರ್ಡರು ಕೊಟ್ಟ ವಾರ. ಮಾಲು ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಆರ್ಡರು ಪೇಟೆಯ ಇನ್ನೊಬ್ಬನ ಪಾಲು. ಹಾಗಾದರೆ ನಾನು ಶೆಡ್ಡಿಗೆ ಬೀಗ ಹಾಕಬೇಕು, ಕಾಲುಚೀಲದ ಬೆರಳ ತುದಿ ಹೊಲಿಯಲು ಬರುವ ಹೆಂಗಸು ಬೇರೆ ಕೆಲಸ ಹುಡುಕಬೇಕು. ಅವಳು ಆಗಲೇ ಮೂಗೆಳೆಯಲು ಶುರು ಮಾಡಿದ್ದಳು.

ಆ ಯಂತ್ರ ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಎಲ್ಲ ಕಡೆ ತಡಕಾಡಿದ ಮೇಲೆ ದೂರದ ಒಂದು ದೇಶದಲ್ಲಿ ಹಳೇ ಯಂತ್ರದ ಬಿಡಿಭಾಗ ಮಾರುವ ಒಬ್ಬ ತಾತನ ಹತ್ತಿರ ಅದೇ ಅಳತೆಯ ಸಿಲಿಂಡರು ಒಂದೇ ಒಂದು ಉಳಿದಿದೆ ಎಂದು ಗೊತ್ತಾಯಿತು. ಫೋನಿನಲ್ಲಿ ಇಬ್ಬರೂ ಹರಕು ಇಂಗ್ಲಿಷಿನಲ್ಲಿ ಕಿರುಚಾಡಿ ಬೆಲೆ ಕುದುರಿಸಿದೆವು. ತಾತ ಖಡಾಖಂಡಿತವಾಗಿ ಹೇಳಿದ: ಇನ್ನೊಬ್ಬ ಗಿರಾಕಿಯೂ ಕೇಳುತ್ತಿದ್ದಾನೆ, ಶುಕ್ರವಾರ ನನ್ನ ಬ್ಯಾಂಕು ಮುಚ್ಚುವವರೆಗೆ ನಿನಗಾಗಿ ಇಟ್ಟಿರುತ್ತೇನೆ, ಪೂರ್ತಿ ಹಣ ನನ್ನ ಖಾತೆಗೆ ಬಂದರೆ ನಿನ್ನದು, ಒಂದು ಕಾಸು ಕಡಿಮೆಯಾದರೂ ಅವನದು.

ಸೋಮವಾರ ಬೆಳಿಗ್ಗೆ ಭಾವನ ಮೇಜಿನ ಮುಂದೆ ಹೋಗಿ ಕೂತೆ. ಸೊಂಟ ಮುರಿದ ಫ್ಯಾನು, ಟೋಕನ್ ಉಗುಳದ ಟೋಕನ್ ಯಂತ್ರ, ದಾರದಲ್ಲಿ ಕಟ್ಟಿಹಾಕಿದ ಪೆನ್ನು. ಭಾವ ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿ ಫಾರಂ ಮುಂದಿಟ್ಟರು. ಆಫೀಸಿನಲ್ಲಿ ಅವರಿಗೆ ನೆಂಟರಿಲ್ಲ.

ನಾನು ಕೈಚೀಲದಿಂದ ಬೆಳಗಿನ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದೆ. 'ಪೇಪರಲ್ಲಿ ಒಂದು ರೇಟಿದೆ, ನಿಮ್ಮ ಬೋರ್ಡಲ್ಲಿ ಒಂದು ರೇಟಿದೆ. ಮಧ್ಯದ ದುಡ್ಡು ಯಾರ ಹೊಟ್ಟೆಗೆ ಹೋಗತ್ತೆ ಭಾವ?'

'ಪೇಪರ್ ರೇಟು ಸಗಟು ರೇಟಮ್ಮಾ. ದೊಡ್ಡ ದೊಡ್ಡ ಬ್ಯಾಂಕುಗಳು ಲಾರಿಗಟ್ಟಲೆ ಮಾರಿಕೊಳ್ಳೋದು. ನಿನ್ನ ತಾತನ ದೇಶದ ದುಡ್ಡಲ್ಲಿ ನಮ್ಮ ಬ್ಯಾಂಕಿಗೆ ಎಲ್ಲೂ ಖಾತೆಯೇ ಇಲ್ಲ. ನಾವು ರಾಜಧಾನಿಯ ದೊಡ್ಡ ಬ್ಯಾಂಕಿನಿಂದ ಕೊಂಡ್ಕೋಬೇಕು. ಅವರು ತಮ್ಮದು ಒಂದಿಷ್ಟು ಸೇರಿಸ್ತಾರೆ. ನಾವು ನಮ್ಮದು ಒಂದಿಷ್ಟು ಸೇರಿಸ್ತೀವಿ. ಇದು ತಳ್ಳುಗಾಡಿ ರೇಟು.'

'ಹಾಗಾದ್ರೆ ಡಾಲರಲ್ಲಿ ಕಳಿಸಿ. ಡಾಲರ್ ಎಲ್ಲರ ಹತ್ರಾನೂ ಇರತ್ತೆ.'

'ಡಾಲರಲ್ಲಿ ಕಳಿಸಿದ್ರೆ ಇಲ್ಲಿ ಒಂದ್ಸಲ ಬದಲಾಯಿಸ್ತೀವಿ, ಅಲ್ಲಿ ತಾತನ ಬ್ಯಾಂಕು ತನಗೆ ತೋಚಿದ ರೇಟಲ್ಲಿ ಇನ್ನೊಂದ್ಸಲ ಬದಲಾಯಿಸತ್ತೆ. ತಾತನ ಕೈಗೆ ಎಷ್ಟು ಸಿಗತ್ತೆ ಅಂತ ಇಲ್ಲಿ ಕೂತು ನಾನು ಹೇಳೋಕಾಗಲ್ಲ. ಅವನ ದುಡ್ಡಲ್ಲೇ ಕಳಿಸು, ಅವನು ಕೇಳಿದ್ದು ಅವನಿಗೆ ಸಿಗಲಿ.'

ಆಮೇಲೆ ಶುಲ್ಕದ ವಿಷಯ. ದಾರಿಯಲ್ಲಿರುವ ಬ್ಯಾಂಕುಗಳ ಶುಲ್ಕವನ್ನೆಲ್ಲ ಕಳಿಸುವವರೇ ಕೊಡಬಹುದು, ಇಬ್ಬರೂ ಹಂಚಿಕೊಳ್ಳಬಹುದು, ಇಲ್ಲವೇ ಪೂರ್ತಿ ಪಡೆಯುವವನ ತಲೆಗೇ ಕಟ್ಟಬಹುದು. ನಾನು ಹಂಚಿಕೆ ಅಂದೆ. ಭಾವ ಬೇಡ ಅಂದರು. ಹಂಚಿಕೆ ಅಂದರೆ ದಾರಿಯಲ್ಲಿ ಸಿಕ್ಕವರು ತಮ್ಮ ಪಾಲನ್ನು ಕಳಿಸಿದ ಹಣದಲ್ಲೇ ಮುರಿದುಕೊಳ್ಳುತ್ತಾರೆ, ತಾತನಿಗೆ ಕಡಿಮೆ ತಲುಪುತ್ತದೆ, ಸಿಲಿಂಡರು ಇನ್ನೊಬ್ಬನಿಗೆ ಹೋಗುತ್ತದೆ ಎಂದರು. ನನಗೆ ಮೈ ಉರಿದುಹೋಯಿತು. ರೇಟಿನಲ್ಲಿ ತಿಂದದ್ದು ಸಾಲದು ಅಂತ ಶುಲ್ಕದಲ್ಲೂ ತಿನ್ನಬೇಕೇ ಎಂದು ಜೋರಾಗಿಯೇ ಹೇಳಿದೆ. ಪಕ್ಕದ ಕೌಂಟರಿನವರು ಕೆಲಸ ಬಿಟ್ಟು ನಮ್ಮನ್ನೇ ನೋಡಿದರು. ಕೊನೆಗೆ 'ಎಲ್ಲಾ ನನ್ನ ತಲೆ ಮೇಲೇ ಬರ್ಕೊಳ್ಳಿ' ಎಂದು ಸಹಿ ಗೀಚಿದೆ.

ಹಣ ಏತಕ್ಕೆ ಎಂಬ ಕಡೆ ಭಾವ ತಮ್ಮ ಕೈಯಾರೆ 'ಯಂತ್ರದ ಬಿಡಿಭಾಗ' ಎಂದು ಬರೆದರು. ಚಿಕ್ಕದಾಗಿ ಬರೆಯುವುದು ಅವರ ಚಾಳಿ. ಬರೆದು ಗಡಿಯಾರ ನೋಡಿದರು.

'ಜಗಳ ಚೆನ್ನಾಗಿತ್ತು. ಈ ದುಡ್ಡಿಗೆ ದೊಡ್ಡ ಬ್ಯಾಂಕಿನವರು ಮಧ್ಯಾಹ್ನದ ತನಕ ಮಾತ್ರ ಆರ್ಡರ್ ತಗೋತಾರೆ. ಇವತ್ತಿನದು ಮುಗೀತು. ನಾಳೆ ಅಲ್ಲಿ ಬ್ಯಾಂಕ್ ರಜೆ. ಬುಧವಾರ ಹೋಗತ್ತೆ.'

'ಶುಕ್ರವಾರದೊಳಗೆ ಸೇರತ್ತಾ?'

ಕತ್ತು ಓರೆಯಾಯಿತು. 'ಆಗತ್ತೆ.'

ಬುಧವಾರ ಹಣ ಹೋಯಿತು. ಬ್ಯಾಂಕುಗಳ ಸಂದೇಶ ಜಾಲದಲ್ಲಿ ಹೊರಟ ಆದೇಶದ ಒಂದು ಪ್ರತಿಯನ್ನು, ಅವರು ಸ್ವಿಫ್ಟ್ ಕಾಪಿ ಅನ್ನುವ ಕಾಗದವನ್ನು, ಭಾವ ಮನೆಗೇ ತಂದುಕೊಟ್ಟರು. ನಾನು ಅದರ ಫೋಟೋ ತೆಗೆದು ತಾತನಿಗೆ ಕಳಿಸಿದೆ. ತಾತನ ಉತ್ತರ: 'ಕಾಗದ ಬಂತು, ಹಣ ಬಂದಿಲ್ಲ.' ನಾನು ಅಕ್ಕನ ಮನೆಗೆ ಹೋಗಿ ಭಾವನ ಮುಖಕ್ಕೆ ಫೋನು ಹಿಡಿದೆ.

ಆಗ ಅವರು ಅಕ್ಕನ ಊಟದ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು ಪಾಠ ಶುರು ಮಾಡಿದರು. ಮೊದಲ ಲೋಟ ನಮ್ಮ ಬ್ಯಾಂಕು, ಎರಡನೆಯದು ರಾಜಧಾನಿಯ ದೊಡ್ಡ ಬ್ಯಾಂಕು, ಮೂರನೆಯದು ತಾತನ ದೇಶದಲ್ಲಿ ಆ ದೊಡ್ಡ ಬ್ಯಾಂಕು ಖಾತೆ ಇಟ್ಟಿರುವ ನಡುವಿನ ಬ್ಯಾಂಕು, ನಾಲ್ಕನೆಯದು ತಾತನ ಬ್ಯಾಂಕು.

'ದುಡ್ಡು ಅನ್ನೋದು ಎಲ್ಲಿಗೂ ಹೋಗಲ್ಲಮ್ಮಾ. ಹೋಗೋದು ಚೀಟಿ ಮಾತ್ರ. ನಾನು ಇವನಿಗೆ ಬರೀತೀನಿ, ನಿನ್ನ ಹತ್ರ ಇರೋ ನನ್ನ ಖಾತೇಲಿ ಕಳೆದುಕೊಂಡು ಮುಂದೆ ಕೊಡು ಅಂತ. ಇವನು ಅವನಿಗೆ ಅದನ್ನೇ ಬರೀತಾನೆ. ಯಾರ ಖಾತೆ ಯಾರ ಹತ್ರ ಇದೆಯೋ ಆ ದಾರೀಲೇ ಹೋಗಬೇಕು. ಚೀಟಿ ಕಣ್ಣು ಮಿಟುಕಿಸೋದ್ರಲ್ಲಿ ಹೋಗತ್ತೆ. ಚೀಟಿ ಓದಿ ಖಾತೇಲಿ ಬರ್ಕೊಳ್ಳೋರು ಮಾತ್ರ ತಮ್ಮ ಹೊತ್ತಿಗೆ ಬರ್ತಾರೆ, ತಮ್ಮ ಹೊತ್ತಿಗೆ ಹೋಗ್ತಾರೆ.'

'ನಮ್ಮ ಚೀಟಿ ಈಗ ಎಲ್ಲಿದೆ?'

ಭಾವ ಮೂರನೇ ಲೋಟವನ್ನು ಬೆರಳಿನಿಂದ ತಟ್ಟಿದರು. 'ಇಲ್ಲಿ. ಟ್ರ್ಯಾಕಿಂಗ್ ನಂಬರಲ್ಲಿ ಇಲ್ಲಿ ತನಕ ಕಾಣಿಸ್ತಿದೆ.'

'ಕಾಣಿಸ್ತಿದ್ಯಲ್ಲ, ಕೊಡೋಕೇನು ದಾಡಿ?'

'ಆಗತ್ತೆ.'

ಅಕ್ಕ ಆ ಲೋಟವನ್ನು ಕಿತ್ತುಕೊಂಡು ನೀರು ತುಂಬಿ ಕುಡಿದುಬಿಟ್ಟಳು.

ಗುರುವಾರವೂ ಹಣ ಅದೇ ಲೋಟದಲ್ಲಿತ್ತು. ನಾನು ಶೆಡ್ಡಿನಲ್ಲಿ ಸತ್ತ ಯಂತ್ರದ ಎದುರು ಕೂತು, ಗುತ್ತಿಗೆದಾರನ ಫೋನಿಗೆ 'ಮಾಲು ರೆಡಿಯಾಗ್ತಾ ಇದೆ ಸಾರ್' ಎಂದು ಹಸಿ ಸುಳ್ಳು ಹೇಳುತ್ತಿದ್ದೆ. ಸಂಜೆ ಅಕ್ಕನ ಮನೆಗೆ ಹೋಗಿ ಕೂಗಾಡಿದೆ. ಈ ಹಣವನ್ನು ವಾಪಸ್ ಕರೆಸಿ, ಬೇರೆ ಯಾವುದಾದರೂ ದಾರಿಯಲ್ಲಿ ಕಳಿಸೋಣ ಅಂದೆ. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರಿಗೆ ಮೈಮೇಲೆ ಬರುವ ವಿಷಯ ಅದೊಂದೇ.

'ವಾಪಸ್ ಅನ್ನೋ ಮಾತು ಮಾತ್ರ ಎತ್ತಬೇಡ! ಹೋದ ದಾರೀಲೇ ಬರಬೇಕು ಅದು. ಪ್ರತಿಯೊಬ್ಬನೂ ಮತ್ತೆ ಕತ್ತರಿ ಹಾಕ್ತಾನೆ. ಇಲ್ಲಿ ಬಂದ ಮೇಲೆ ನಾವು ನಿನ್ನಿಂದ ಕೊಳ್ಳೋ ರೇಟೇ ಬೇರೆ, ನಿನಗೆ ಮಾರಿದ ರೇಟೇ ಬೇರೆ. ಹೋಗಿ ಬರೋದ್ರೊಳಗೆ ಎರಡು ಕಡೆಯಿಂದಲೂ ಸವೆದು, ನಿನ್ನ ಶುಕ್ರವಾರ ಮುಗಿದು ಇನ್ನೊಂದು ಶುಕ್ರವಾರ ಬಂದಿರತ್ತೆ. ಎಷ್ಟು ಜನರಿಗೆ ಹೇಳಿದೀನಿ ನಾನು! ಕಳಿಸಿದ ದುಡ್ಡನ್ನ ಕರೀಬಾರದು.'

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು, ಸೆರಗಿನಿಂದ ಕೈ ಒರೆಸುತ್ತಾ, ಬಹಳ ಮೆಲ್ಲಗೆ ಹೇಳಿದಳು: 'ಊರೋರ ದುಡ್ಡೆಲ್ಲ ನೀವು ಮುಟ್ಟಿಸ್ತೀರಿ. ನನ್ನ ತಂಗಿದೊಂದು ಆಗಲಿಲ್ಲ ನಿಮ್ಮ ಕೈಲಿ.' ಅವಳ ಕಣ್ಣು ತುಂಬಿತ್ತು. ಅಕ್ಕ ಜಗಳವಾಡಿದರೆ ಭಾವ ತಡೆದುಕೊಳ್ಳುತ್ತಾರೆ, ಅತ್ತರೆ ಕೆಲಸ ಕೆಟ್ಟಿತು. ಅವರು 'ಆಗತ್ತೆ' ಅನ್ನಲು ಬಾಯಿ ತೆರೆದು, ಅನ್ನದೆ ಮುಚ್ಚಿಕೊಂಡರು. ನಾನು ಅದನ್ನು ಕಂಡದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಕೆಲಸದ ದಿನ ಭಾವ ಬ್ಯಾಂಕು ಬಿಟ್ಟು ಬಂದವರೇ ಅಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ನೂಲಿನ ಪೆಟ್ಟಿಗೆ ಮೇಲೆ ಧೊಪ್ಪನೆ ಕೂತರು. ನನ್ನ ಹೊಲಿಗೆಯ ಹೆಂಗಸು ಹೆದರಿ ನೀರು ತಂದುಕೊಟ್ಟಳು.

'ಯಾಕೆ ಭಾವ? ಅಕ್ಕ ಹುಷಾರಾಗಿದ್ದಾಳಾ?'

'ನಾನು ವಾಪಸ್ ಕರೆಸಿಬಿಟ್ಟೆ ಕಣೇ' ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ನೂಲಿನುಂಡೆ ಎಲ್ಲಿ ಬಿತ್ತೋ ಗೊತ್ತಿಲ್ಲ.

ನಡೆದದ್ದು ಇಷ್ಟು. ಬೆಳಿಗ್ಗೆ ಬ್ಯಾಂಕಿಗೆ ಹೋದವರೇ ಯಾರಿಗೂ ಹೇಳದೆ ನನ್ನ ಹಣ ರದ್ದು ಮಾಡಿ ವಾಪಸ್ ಕೊಡಿ ಎಂಬ ವಿನಂತಿಯನ್ನು ಕಳಿಸಿದ್ದಾರೆ. ವಿನಂತಿಗೆ ಇನ್ನೊಂದಿಷ್ಟು ಚುರುಕು ಮುಟ್ಟಿಸೋಣ ಎಂದು, ಮೂರು ರಸ್ತೆ ಆಚೆ ಇರುವ ತಮ್ಮ ಹೆಡ್ ಆಫೀಸಿಗೆ ಖುದ್ದಾಗಿ ನಡೆದುಕೊಂಡು ಹೋಗಿದ್ದಾರೆ. ಅಲ್ಲಿ ಸಂದೇಶ ವಿಭಾಗದ ಹೆಂಗಸು ಇವರನ್ನು ನೋಡಿದವಳೇ 'ಓ, ನೀವೇ ಬಂದ್ರಾ! ನಿಮ್ಮ ಕಾಲುಚೀಲದ್ದು ಈಗ ತಾನೇ ಉತ್ತರ ಕಳಿಸಿದೆ ಸಾರ್' ಅಂದಳಂತೆ.

ನಡುವಿನ ಬ್ಯಾಂಕು ಬುಧವಾರವೇ ಒಂದು ಪ್ರಶ್ನೆ ಕೇಳಿತ್ತು. 'ಯಂತ್ರದ ಬಿಡಿಭಾಗ ಎಂದರೆ ಯಾವ ಯಂತ್ರ? ಯಾತಕ್ಕೆ ಬಳಸುತ್ತಾರೆ? ಕೊನೆಗೆ ಯಾರ ಕೈಗೆ ಹೋಗುತ್ತದೆ?' ದೇಶದಿಂದ ದೇಶಕ್ಕೆ ಯಂತ್ರ ಅಂದರೆ ಅವರಿಗೆ ಅನುಮಾನ. ಏನು ಮಾಡುವ ಯಂತ್ರವೋ ಏನೋ, ಉತ್ತರ ಬರುವ ತನಕ ಹಣ ಮುಂದೆ ಬಿಡುವುದಿಲ್ಲ. ಆ ಪ್ರಶ್ನೆ ದೊಡ್ಡ ಬ್ಯಾಂಕಿಗೆ ಬಂದು, ಅಲ್ಲಿಂದ ನಮ್ಮ ಹೆಡ್ ಆಫೀಸಿಗೆ ಬಂದು, ಆ ಹೆಂಗಸು ಮಗಳ ಜ್ವರಕ್ಕೆ ರಜೆ ಹಾಕಿದ್ದರಿಂದ ಯಾರೂ ತೆರೆಯದೆ ಹಾಗೇ ಬಿದ್ದುಕೊಂಡಿತ್ತು. ಶುಕ್ರವಾರ ಬಂದವಳು ನೋಡಿ, ಫಾರಂ ತೆಗೆಸಿ, ಅದಕ್ಕೆ ಲಗತ್ತಿಸಿದ್ದ ನನ್ನ ಆರ್ಡರಿನ ಕಾಗದ ಓದಿ, 'ಶಾಲಾ ಮಕ್ಕಳ ಕಾಲುಚೀಲ ಹೆಣೆಯುವ ಯಂತ್ರ' ಎಂದು ನೀಟಾಗಿ ಬರೆದು ಕಳಿಸಿದ್ದಾಳೆ. ಹಣ ಸಮುದ್ರ ದಾಟಿದ್ದು ಚಿಟಿಕೆ ಹೊಡೆಯುವಷ್ಟರಲ್ಲಿ. ಪ್ರಶ್ನೆ ಸಿಕ್ಕಿಕೊಂಡದ್ದು ಮೂರು ರಸ್ತೆ ಆಚೆ!

'ಅಂದ್ರೆ ಈಗ ಅಲ್ಲಿಗೆ ಎರಡು ಚೀಟಿ ಹೋಗಿವೆ. ಒಂದರಲ್ಲಿ ಕೊಡಿ ಅಂತ ಇದೆ, ಇನ್ನೊಂದರಲ್ಲಿ ಕೊಡಬೇಡಿ ಅಂತ ಇದೆ?'

'ಮೂರು' ಅಂದರು ಭಾವ, ನೆಲ ನೋಡುತ್ತಾ. 'ವಾಪಸ್ ಕರೆದದ್ದು ತಪ್ಪಾಯ್ತು, ಅದನ್ನ ಬಿಟ್ಟುಬಿಡಿ ಅಂತ ಇನ್ನೊಂದು ಕಳಿಸಿ ಬಂದೆ.'

'ಅಯ್ಯೋ ನಿಮ್ಮ ತಲೆಗಿಷ್ಟು! ಹೋಗು, ಬಾ, ಬೇಡ ಹೋಗು ಅಂತ ನಾಯಿಗೆ ಹೇಳಿದ್ರೂ ಅದು ಕಚ್ಚತ್ತೆ. ಅವರೇನು ಮಾಡ್ತಾರೆ?'

'ಅಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಾಗಿಲು ತೆಗೆದ ಮೇಲೆ ಯಾರೋ ಒಬ್ಬ ಓದಬೇಕು. ಉತ್ತರ ನೋಡೋರು ಬೇರೆ, ರದ್ದು ನೋಡೋರು ಬೇರೆ. ಯಾರು ಮೊದಲು ಕಾಫಿ ಕುಡಿದು ಕೂತ್ಕೋತಾರೋ ಅವರ ಮೇಲೆ ಹೋಗತ್ತೆ.'

ನನ್ನ ಶೆಡ್ಡು, ನನ್ನ ಆರ್ಡರು, ಎದುರಿಗೆ ನಿಂತು ಕೈ ಹಿಸುಕಿಕೊಳ್ಳುತ್ತಿರುವ ಈ ಹೆಂಗಸಿನ ಸಂಬಳ, ಎಲ್ಲವೂ ಯಾವನೋ ಒಬ್ಬನ ಕಾಫಿಯ ಮೇಲೆ ನಿಂತಿತ್ತು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರ ನೌಕರಿ, ಅವರ ಫ್ಯಾನು, ಅವರ ಓರೆ ಕತ್ತು ಯಾವುದನ್ನೂ ಬಿಡಲಿಲ್ಲ. ಊರಿಗೆಲ್ಲ ಪಾಠ ಹೇಳುವವರು ಕೊನೆಗೆ ಅದನ್ನೇ ಮಾಡಿದಿರಲ್ಲ, ನಿಮಗೆ ಗೊತ್ತಿರಲಿಲ್ಲವೇ ಅಂದೆ.

ಭಾವ ತಲೆಯೆತ್ತಿದರು. 'ಗೊತ್ತಿತ್ತು. ಎಲ್ಲಿದೆ ಅಂತಾನೂ ಗೊತ್ತಿತ್ತು, ಬರತ್ತೆ ಅಂತಾನೂ ಗೊತ್ತಿತ್ತು. ಬೇರೆಯವರ ದುಡ್ಡಾಗಿದ್ರೆ ಊಟ ಮಾಡಿ ಮಲಗ್ತಿದ್ದೆ. ನಿನ್ನದು ಅಂದ ತಕ್ಷಣ ಭಯ ಆಗ್ಬಿಡ್ತು ಕಣೇ. ಕೈ ತಡೀಲಿಲ್ಲ.'

ಬೈಯಲು ಇನ್ನೂ ಬೇಕಾದಷ್ಟಿತ್ತು ನನ್ನ ಹತ್ತಿರ. ಆದರೆ ನೀಲಿ ಒಂದು, ಬೂದು ಒಂದು ಕಾಲುಚೀಲ ಹಾಕಿ ಕೂತಿದ್ದ ಆ ಮನುಷ್ಯನನ್ನು ನೋಡಿ ಅಷ್ಟಕ್ಕೇ ಬಿಟ್ಟೆ. ಅವರ ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕೂತೆ. ಮಧ್ಯಾಹ್ನ ಕಳೆಯಿತು. ಭಾವ ಗಡಿಯಾರ ನೋಡಿ 'ಅಲ್ಲಿ ಈಗ ತೆಗೆದ್ರು' ಅಂದರು. ಆವತ್ತು ಮೊದಲ ಬಾರಿಗೆ ಅದು ಯಾರು, ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಂಜೆಗೆ ಫೋನು ಹೊಡೆದುಕೊಂಡಿತು. ತಾತ. ಹಲೋ ಕೂಡ ಇಲ್ಲ.

ಅವನು ಹೇಳಿದ್ದನ್ನು ಅವನ ಸಿಟ್ಟಿನ ಇಂಗ್ಲಿಷಿನಿಂದ ಹೆಕ್ಕಿಕೊಂಡದ್ದು ಹೀಗೆ. ಮಧ್ಯಾಹ್ನ ಹಣ ಬಂತು, ಪೂರ್ತಿ ಬಂತು, ಕಾಸೂ ಕಡಿಮೆಯಿಲ್ಲ. ಖುಷಿಯಾಗಿ ಸಿಲಿಂಡರನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಅಷ್ಟರಲ್ಲಿ ನನ್ನ ಬ್ಯಾಂಕಿನವರು ಫೋನು ಮಾಡಿ, ಕಳಿಸಿದವರು ಹಣ ವಾಪಸ್ ಕೇಳುತ್ತಿದ್ದಾರೆ, ನಿಮ್ಮ ಖಾತೆಗೆ ಆಗಲೇ ಬಂದಿರುವುದರಿಂದ ನೀವು ಒಪ್ಪಿದರೆ ಮಾತ್ರ ತಿರುಗಿಸುತ್ತೇವೆ, ಏನು ಮಾಡೋಣ ಅಂತ ಕೇಳುತ್ತಿದ್ದಾರೆ. ಮಾಲು ಕೈಗೆ ಬಂದ ಮೇಲೆ ಹಣ ಎಳೆದುಕೊಳ್ಳೋ ಆಟ ಇದು, ನನಗೇನು ಗೊತ್ತಿಲ್ಲ ಅಂದುಕೊಂಡೆಯಾ? ಹಣ ವಾಪಸ್ ತಗೋ, ನನ್ನ ಸಹವಾಸ ಬಿಡು. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ!

ಉತ್ತರ ನೋಡುವವನು ಮೊದಲು ಕೂತಿದ್ದ. ಹಣ ಬಿಟ್ಟಿದ್ದ. ರದ್ದು ನೋಡುವವನು ಆಮೇಲೆ ಕೂತು, ನಮ್ಮ ವಾಪಸ್ಸಿನ ಚೀಟಿಯನ್ನು ಹಣದ ಹಿಂದೆಯೇ ತಾತನ ಬ್ಯಾಂಕಿಗೆ ಅಟ್ಟಿದ್ದ. ಮೂರನೆಯ ಚೀಟಿ ಇನ್ನೂ ಎಲ್ಲೋ ಸರದಿಯಲ್ಲಿತ್ತು. ಇಷ್ಟು ನನಗೆ ಹೊಳೆಯಿತು. ಹೊಳೆದದ್ದನ್ನು ಆ ಹರಕು ಇಂಗ್ಲಿಷಿನಲ್ಲಿ ಆ ತಾತನಿಗೆ ಹೇಳುವ ಶಕ್ತಿ ನನಗಿರಲಿಲ್ಲ. ನಾನು 'ನೋ, ನೋ' ಎಂದು ಕಿರುಚಿದೆ, ಅವನು 'ಯೆಸ್, ಯೆಸ್' ಎಂದು ಕಿರುಚಿದ.

ಭಾವ ಫೋನು ಕಿತ್ತುಕೊಂಡರು.

ಎದ್ದು ನಿಂತು, ತಮ್ಮ ಆಫೀಸು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ನಾನು ಕಳಿಸಿದ ಬ್ಯಾಂಕಿನವನು. ಹಣ ಇವಳದು, ವಾಪಸ್ ಕೇಳಿದವನು ನಾನು. ಇವಳಿಗೆ ಗೊತ್ತೇ ಇರಲಿಲ್ಲ. ಈ ಕೆಲಸದಲ್ಲಿ ತಲೆ ನರೆತವನು, ಆದರೂ ಹೆದರಿ ಮಾಡಿದೆ. ನಿಮ್ಮ ಬ್ಯಾಂಕಿನವರು ಕೇಳಿದರೆ ಒಪ್ಪಬೇಡಿ. ಇಲ್ಲ ಅನ್ನಿ. ನಾವು ಕೇಳಿದ್ದೇವೆ ನಿಜ, ದಯವಿಟ್ಟು ವಾಪಸ್ ಕೊಡಬೇಡಿ.

ಭಾವ ಇನ್ನೊಮ್ಮೆ ಹೇಳಿದರು: 'ದಯವಿಟ್ಟು ಕೊಡಬೇಡಿ ಸಾರ್. ನಾನು ಕೈ ಮುಗೀತೀನಿ.' ಫೋನಿನಲ್ಲಿ ಕಾಣುವುದಿಲ್ಲ ಎಂಬ ಪರಿವೆಯಿಲ್ಲದೆ, ಫೋನನ್ನು ಕತ್ತು ಭುಜದ ನಡುವೆ ಸಿಕ್ಕಿಸಿಕೊಂಡು ನಿಜವಾಗಿ ಕೈ ಮುಗಿದರು.

ತಾತ ಏನೋ ಕೇಳಿದ. ಭಾವ ನನ್ನ ಕಡೆ ನೋಡಿ ಉತ್ತರಿಸಿದರು: 'ಮೈ ವೈಫ್ಸ್ ಸಿಸ್ಟರ್.' ಮತ್ತೆ ಏನೋ ಕೇಳಿದ. 'ವೆರಿ ಆ್ಯಂಗ್ರಿ' ಅಂದರು ಭಾವ. ಆಗ ಫೋನಿನಿಂದ ಒಂದು ನಗು ಹೊರಟಿತು. ಮುದಿ ಯಂತ್ರ ಶುರುವಾಗುವ ಹಾಗೆ ಕೆಮ್ಮಿ, ನಿಂತು, ಮತ್ತೆ ಹಿಡಿದುಕೊಂಡು ನಕ್ಕ ನಗು. ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ದುಡ್ಡು ಕೊಡಬೇಡಿ ಎಂದು ಅಂಗಲಾಚಿದ ಬ್ಯಾಂಕಿನವನನ್ನು ಕಂಡದ್ದು ಇದೇ ಮೊದಲು ಎಂದನಂತೆ. ಬ್ಯಾಂಕಿಗೆ ಇಲ್ಲ ಎಂದು ಹೇಳುತ್ತೇನೆ, ಸೋಮವಾರ ಪೆಟ್ಟಿಗೆ ಹೊರಡುತ್ತದೆ ಎಂದು ಫೋನಿಟ್ಟ.

ಭಾವ ಮತ್ತೆ ನೂಲಿನ ಪೆಟ್ಟಿಗೆ ಮೇಲೆ ಕುಸಿದರು. ನನ್ನ ಹೊಲಿಗೆಯ ಹೆಂಗಸು ಏನೂ ಅರ್ಥವಾಗದಿದ್ದರೂ ಗೊಳೋ ಎಂದು ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಸಿಲಿಂಡರು ಬಂತು, ಯಂತ್ರ ತಿರುಗಿತು, ಗುತ್ತಿಗೆದಾರನಿಗೆ ಹಗಲೂ ರಾತ್ರಿ ಹೆಣೆದು ಮಾಲು ಕೊಟ್ಟೆವು. ಪ್ರಶ್ನೆಗೆ ಉತ್ತರ ಕೊಟ್ಟದ್ದಕ್ಕೆ ಒಂದು ಶುಲ್ಕ, ವಾಪಸ್ ಕೇಳಿದ್ದಕ್ಕೆ ಒಂದು ಶುಲ್ಕ, ವಾಪಸ್ ಬೇಡ ಅಂದದ್ದಕ್ಕೂ ಒಂದು ಶುಲ್ಕ ಎಂದು ದಾರಿಯ ಬ್ಯಾಂಕುಗಳಿಂದ ಆಮೇಲೆ ನಿಧಾನವಾಗಿ ಬಿಲ್ಲು ಬಂದವು. ಭಾವ ಅವನ್ನೆಲ್ಲ ತಮ್ಮ ಜೇಬಿನಿಂದ ಕಟ್ಟಿ, ಅಕ್ಕನಿಗೆ ಹೇಳಬೇಡ ಎಂದು ನನ್ನ ಹತ್ತಿರ ಗೋಗರೆದರು. ನಾನು ಆವತ್ತೇ ಹೇಳಿದೆ.

ಹೊಸ ಸಿಲಿಂಡರಿನಲ್ಲಿ ಹೆಣೆದ ಮೊದಲ ಜೊತೆಯನ್ನು ಭಾವನಿಗೆ ಕೊಟ್ಟೆ. ಎರಡೂ ಒಂದೇ ಬಣ್ಣ, ಒಂದೇ ಅಳತೆ, ಒಂದು ಹೊಲಿಗೆಯೂ ತಪ್ಪಿಲ್ಲ. ಅವರು ತಿರುಗಿಸಿ ತಿರುಗಿಸಿ ನೋಡಿ 'ತಪ್ಪು ಎಲ್ಲಿದೆ?' ಅಂದರು.

'ಇಲ್ಲ ಭಾವ. ಇದು ಒಳ್ಳೇ ಮಾಲು.'

ಹೋದ ತಿಂಗಳು ನೂಲಿನ ಹಣ ಕಳಿಸಲು ಅವರ ಬ್ಯಾಂಕಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಮನುಷ್ಯ ಮೇಜು ಗುದ್ದುತ್ತಿದ್ದ. ಅವನ ತಮ್ಮನಿಗೆ ಕಳಿಸಿದ ಹಣ ಎಲ್ಲೋ ನಿಂತಿದೆ, ವಾಪಸ್ ಕರೆಸಿ, ಈಗಲೇ ಕರೆಸಿ ಎಂದು ಕೂಗುತ್ತಿದ್ದ. ನಾನು ಭಾವನ ಕತ್ತನ್ನೇ ನೋಡುತ್ತಿದ್ದೆ, ಈಗ ಓರೆಯಾಗುತ್ತದೆ ಎಂದು. ಆಗಲಿಲ್ಲ. ಅವರು ಮೇಜಿನ ಪಕ್ಕಕ್ಕೆ ಕಾಲು ಚಾಚಿ, ಪ್ಯಾಂಟು ಮೊಣಕಾಲಿನವರೆಗೆ ಎಳೆದು, ಆ ಕಾಲುಚೀಲ ತೋರಿಸಿದರು.

'ಇದನ್ನ ನೋಡಿ ಸ್ವಾಮಿ. ನಾನೂ ಒಂದ್ಸಲ ವಾಪಸ್ ಕರೆದಿದ್ದೆ, ಇದು ಸ್ವಲ್ಪದರಲ್ಲಿ ಕೈತಪ್ಪಿ ಹೋಗ್ತಿತ್ತು. ಕೂತ್ಕೊಳ್ಳಿ. ನಿಮ್ಮ ಭಯ ನಂಗೆ ಗೊತ್ತು. ಮೊದಲು ನಮ್ಮ ಹೆಡ್ ಆಫೀಸಲ್ಲಿ ಏನಾದ್ರೂ ಪ್ರಶ್ನೆ ಬಂದು ಬಿದ್ದಿದೆಯಾ ಕೇಳೋಣ.'

ಆ ಮನುಷ್ಯ ಕಾಲನ್ನೂ ಮುಖವನ್ನೂ ನೋಡಿ, ಇವನಿಗೆ ಹುಚ್ಚು ಎಂದುಕೊಂಡು, ಹೆದರಿ ಕೂತ. ಭಾವ ಫೋನೆತ್ತಿ, ಆ ಕಡೆಯ ಹೆಂಗಸನ್ನು ಮೊದಲು ಮಗಳ ಆರೋಗ್ಯ ಹೇಗಿದೆ ಎಂದು ಕೇಳಿದರು.